60 ಸಾವಿರದ ಖಾತೆ, 65ರ ಲಾಟ್: ನಿಫ್ಟಿ ಆಪ್ಷನ್‌ನ ಮೂರು ದಾರಿಗಳ ಹೋಲಿಕೆ

ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಕೇಳಿದರೆ 75 ಕೆಜಿ ಚೀಲಕ್ಕೆ ಇಷ್ಟು ಅಂತಲೇ ಹೇಳುತ್ತಾರೆ. ಮಾತೆಲ್ಲ ಚೀಲದ ಲೆಕ್ಕದಲ್ಲೇ. ನಿಫ್ಟಿ ಆಪ್ಷನ್‌ನ ಲಾಟ್ ಕೂಡ ಅಂಥದ್ದೇ ಒಂದು ಚೀಲ, ಅದನ್ನು ಬಿಚ್ಚಿ ಅರ್ಧ ಕೊಳ್ಳಲು ಬರುವುದಿಲ್ಲ. 2024ರ ನವೆಂಬರ್‌ವರೆಗೆ ಆ ಚೀಲದಲ್ಲಿ 25 ಇದ್ದವು. ಒಪ್ಪಂದದ ಮೌಲ್ಯ ಕನಿಷ್ಠ 15 ಲಕ್ಷ ಇರಬೇಕೆಂದು ಸೆಬಿ ಹೇಳಿದ ಮೇಲೆ 75 ಆಯಿತು. 2026ರ ಜನವರಿಯಿಂದ 65 ಇದೆ. ಸಣ್ಣ ಖಾತೆಯವರ ತೊಂದರೆಯೆಲ್ಲ ಈ ಒಂದು ಸಂಖ್ಯೆಯಿಂದಲೇ ಹುಟ್ಟುತ್ತದೆ.

ಖಾತೆಯಲ್ಲಿ 60,000 ರೂಪಾಯಿ ಇದೆ, ಒಂದು ಎಕ್ಸ್‌ಪೈರಿಗೆ ಹೆಚ್ಚೆಂದರೆ ಶೇ 5, ಅಂದರೆ 3,000 ಕಳೆದುಕೊಳ್ಳಬಹುದು ಎಂದು ಇಟ್ಟುಕೊಳ್ಳೋಣ. ಎರಡು ಸ್ಟ್ರೈಕ್‌ಗಳ ವ್ಯವಹಾರಕ್ಕೆ ಒಳಗೆ ಹೋಗಲು ಎರಡು, ಹೊರಬರಲು ಎರಡು ಆರ್ಡರ್ ಬೇಕು. ಆರ್ಡರ್‌ಗೆ 20 ರೂಪಾಯಿಯ ಬ್ರೋಕರೇಜ್, ಜಿಎಸ್‌ಟಿ, ಎಸ್‌ಟಿಟಿ ಎಲ್ಲ ಸೇರಿ ಸುಮಾರು 140 ರೂಪಾಯಿ ಖರ್ಚಾಗುತ್ತದೆ.

```
ತಾಳಬಹುದಾದ ಪಾಯಿಂಟ್ = (ಮಿತಿ − ಖರ್ಚು) ÷ ಲಾಟ್
(3000 − 140) ÷ 65 = 44
```

ಈ 44 ಪಾಯಿಂಟ್ ಮುಂದಿನ ಎಲ್ಲಕ್ಕೂ ಅಳತೆಗೋಲು. ಲಾಟ್ 25 ಇದ್ದಾಗ ಇದೇ ರೊಕ್ಕಕ್ಕೆ 114 ಪಾಯಿಂಟ್ ಸಿಗುತ್ತಿತ್ತು. ಆ ಕಾಲದ ವಿಡಿಯೋಗಳಲ್ಲಿ ಹೇಳುವ ಸ್ಟಾಪ್‌ಲಾಸ್ ಅಗಲ ಈಗ ನಮ್ಮ ಖಾತೆಗೆ ಹೊಂದದಿರುವುದು ಇದಕ್ಕೇ.

ಹೋಲಿಕೆಗೆ ಹಿಡಿದ ದರಗಳಿವು: ಬುಧವಾರ ಬೆಳಿಗ್ಗೆ ನಿಫ್ಟಿ 25,000ದಲ್ಲಿದೆ, ಮುಂದಿನ ಮಂಗಳವಾರ ಎಕ್ಸ್‌ಪೈರಿ, ನಡುವೆ ಐದು ವಹಿವಾಟಿನ ದಿನ. 25,000 ಕಾಲ್‌ಗೆ 150 ರೂಪಾಯಿ, 25,100 ಕಾಲ್‌ಗೆ 106, 25,350 ಕಾಲ್‌ಗೆ 36. ಕೆಳಗಡೆ 24,800 ಪುಟ್‌ಗೆ 71, 24,750 ಪುಟ್‌ಗೆ 57, 24,600 ಪುಟ್‌ಗೆ 28. ಮಾರುಕಟ್ಟೆ ಶಾಂತವಾಗಿರುವ ವಾರದಲ್ಲಿ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಏರಿಳಿತ ಜೋರಾದಾಗ ಎಲ್ಲ ದರವೂ ಮೇಲೇರುತ್ತದೆ.

ಒಂದೇ ಆಪ್ಷನ್ ಕೊಳ್ಳುವುದು

ಎಲ್ಲರೂ ಮೊದಲು ಹಿಡಿಯುವ ದಾರಿ ಇದು, ಏಕೆಂದರೆ ಮಾರ್ಜಿನ್ ಬೇಕಿಲ್ಲ. 25,000 ಕಾಲ್‌ಗೆ 150 × 65 = 9,750 ರೂಪಾಯಿ ಕೊಟ್ಟರೆ ಆಯಿತು. ಆದರೆ ಆ ಪ್ರೀಮಿಯಂ ನಗದಿನಲ್ಲೇ ಇರಬೇಕು. ಅಡವಿಟ್ಟ ಷೇರಿನಿಂದ ಬಂದ ಮಾರ್ಜಿನ್ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಹೋದರೆ ಖಾತೆಯ ಶೇ 16 ಹೋದಂತೆ, ಅಂದರೆ ನಮ್ಮ ಮಿತಿಯ ಮೂರು ಪಟ್ಟಿಗೂ ಹೆಚ್ಚು. 106ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಮಿತಿಯೊಳಗೆ ಉಳಿಯುತ್ತೇವೆ ಅನ್ನಿಸುತ್ತದೆ, ಆದರೆ ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಟ್ರಿಗರ್ ದರ ಮುಟ್ಟಿದೊಡನೆ ಸಿಕ್ಕ ದರಕ್ಕೆ ಮಾರುವ SL-M ಆರ್ಡರ್ ಇಲ್ಲ, 2021ರಲ್ಲೇ ನಿಲ್ಲಿಸಿದೆ. ಉಳಿದಿರುವುದು ಟ್ರಿಗರ್ ಜತೆ ಬೆಲೆಯನ್ನೂ ಹೇಳಬೇಕಾದ SL ಆರ್ಡರ್ ಮಾತ್ರ. ಟ್ರಿಗರ್ 108, ಬೆಲೆ 104 ಎಂದು ಕೊಟ್ಟಿದ್ದರೆ, ಬೆಳಿಗ್ಗೆ 9:15ಕ್ಕೆ ಕಾಲ್ 80ಕ್ಕೆ ತೆರೆದ ದಿನ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗಿ 104ರಲ್ಲಿ ಹಾಗೇ ನಿಂತಿರುತ್ತದೆ. ಮಾರಾಟ ಆಗಿರುವುದಿಲ್ಲ, ನಷ್ಟ ಬೆಳೆಯುತ್ತಲೇ ಇರುತ್ತದೆ. ಅದೂ ಅಲ್ಲದೆ ಆರ್ಡರ್ ಆ ದಿನದ್ದು ಮಾತ್ರ, ರಾತ್ರಿಗೆ ಕಾವಲಿಲ್ಲ.

ಹಾಗಾದರೆ 44ಕ್ಕಿಂತ ಕಡಿಮೆ ಪ್ರೀಮಿಯಂನದ್ದನ್ನೇ ಕೊಂಡರೆ? 25,350 ಕಾಲ್ 36ಕ್ಕೆ ಸಿಗುತ್ತದೆ, ಪೂರ್ತಿ ಹೋದರೂ 2,340. ಮಿತಿ ಗಟ್ಟಿಯಾಗಿ ನಿಂತಿತು, ಆದರೆ ಗೆಲ್ಲುವುದು ಬಹಳ ಕಷ್ಟ. ನಿಫ್ಟಿ 150 ಪಾಯಿಂಟ್ ಏರಿ ಸೋಮವಾರ ಮಧ್ಯಾಹ್ನ 25,150ರಲ್ಲಿ ಇದ್ದರೂ ಈ ಕಾಲ್ ಸುಮಾರು 10ಕ್ಕೆ ಇಳಿದಿರುತ್ತದೆ. ದಿಕ್ಕು ಸರಿಯಾಗಿ ಹಿಡಿದೂ 26 ಪಾಯಿಂಟ್, ಅಂದರೆ 1,690 ರೂಪಾಯಿ ನಷ್ಟ. ಹಲವು ವಾರ ಇದನ್ನು ಇಟ್ಟು ನೋಡಿದರೆ ಖಾತೆ ಮಿತಿಯೊಳಗೇ ಇದ್ದು ಮೆಲ್ಲಗೆ ಕರಗುವುದು ಕಾಣುತ್ತದೆ.

ಡೆಬಿಟ್ ಸ್ಪ್ರೆಡ್

25,000 ಕಾಲ್ ಕೊಂಡು 25,100 ಕಾಲ್ ಮಾರಿದರೆ ಕೈಯಿಂದ ಹೋಗುವುದು 150 − 106 = 44 ಪಾಯಿಂಟ್. ನಮ್ಮ ಅಳತೆಗೆ ಸರಿಯಾಗಿ ಕೂರುತ್ತದೆ. ಗರಿಷ್ಠ ನಷ್ಟ 2,860, ಗರಿಷ್ಠ ಲಾಭ 56 × 65 = 3,640. ರಾತ್ರೋರಾತ್ರಿ ಏನೇ ಆಗಲಿ, ಕೊಂಡದ್ದು, ಮಾರಿದ್ದು ಎಂಬ ಎರಡೂ ಕಾಲುಗಳು ಒಟ್ಟಿಗೆ ಇರುವವರೆಗೆ ನಷ್ಟ ಇದನ್ನು ದಾಟುವುದಿಲ್ಲ. ಬಿಸಿಲಿಗೆ ಕರೆಂಟು ಹೋಗಿ ನೆಟ್‌ವರ್ಕ್ ಸತ್ತ ಮಧ್ಯಾಹ್ನವೂ ಈ ಮಾತು ನಿಲ್ಲುತ್ತದೆ, ಸ್ಟಾಪ್‌ಲಾಸ್‌ಗೆ ಆ ಗ್ಯಾರಂಟಿ ಇಲ್ಲ.

ಇದೇ ಸೋಮವಾರ ನಿಫ್ಟಿ 25,150ರಲ್ಲಿದ್ದರೆ ಸ್ಪ್ರೆಡ್ ಸುಮಾರು 72 ಆಗಿರುತ್ತದೆ, 28 ಪಾಯಿಂಟ್ ಲಾಭ, 1,820 ರೂಪಾಯಿ. 25,350 ಕಾಲ್ ನಷ್ಟ ಕೊಟ್ಟ ಅದೇ ಗಳಿಗೆ ಇದು. ನಿಫ್ಟಿ ಅಲುಗದೆ 25,000ದಲ್ಲೇ ಕೂತಿದ್ದರೂ ಸ್ಪ್ರೆಡ್ ಸುಮಾರು 38ರಲ್ಲಿರುತ್ತದೆ, ನಷ್ಟ 6 ಪಾಯಿಂಟ್ ಅಷ್ಟೇ. ಸಮಯ ತಿನ್ನುವುದನ್ನು ಮಾರಿದ ಕಾಲು ಬಹುಪಾಲು ತುಂಬಿಕೊಡುತ್ತದೆ.

ಮೊದಲ ಬಾರಿ ಹಾಕುವವರು ಗಾಬರಿಯಾಗುವುದು ಮಾರ್ಜಿನ್ ನೋಡಿ. 2,860ರ ವ್ಯವಹಾರಕ್ಕೆ ಆ್ಯಪ್ 35 ಸಾವಿರ ಮೀರಿ ಹಿಡಿದಿಡುತ್ತದೆ. ತಪ್ಪಲ್ಲ ಅದು. ಸ್ಪ್ಯಾನ್ ಮಾರ್ಜಿನ್ ಎರಡು ಕಾಲನ್ನೂ ಸೇರಿಸಿ ನೋಡಿ ರಿಯಾಯಿತಿ ಕೊಡುತ್ತದೆ, ಎಕ್ಸ್‌ಪೋಷರ್ ಮಾರ್ಜಿನ್ ಕೊಡುವುದಿಲ್ಲ. ಮಾರಿದ ಆಪ್ಷನ್‌ನ ಪೂರ್ತಿ ಮೌಲ್ಯದ ಮೇಲೆ ಶೇ 2 ಅದು. 25,000 × 65 = 16,25,000, ಅದರ ಶೇ 2 ಎಂದರೆ 32,500. ಇದಕ್ಕೆ ಕೊಟ್ಟ 2,860 ಸೇರಿಸಿದರೆ 35,360, ಮೇಲೆ ಸ್ವಲ್ಪ ಆಚೀಚೆ.

ಕ್ರೆಡಿಟ್ ಸ್ಪ್ರೆಡ್

ಇಲ್ಲಿ ಅಗಲವೇ ಎಲ್ಲ. 24,800 ಪುಟ್ ಮಾರಿ 24,600 ಪುಟ್ ಕೊಂಡರೆ 43 ಪಾಯಿಂಟ್ ಕೈಗೆ ಬರುತ್ತದೆ, 2,795 ರೂಪಾಯಿ. ನೋಡಲು ಚೆಂದ. ಆದರೆ ತಿರುಗಿದರೆ ನಷ್ಟ 157 ಪಾಯಿಂಟ್, 10,205 ರೂಪಾಯಿ. ಮಾರ್ಜಿನ್ 42–43 ಸಾವಿರ ಆಗುವುದರಿಂದ 60,000ದ ಖಾತೆ ಇದನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಅಪಾಯ ಇರುವುದೇ ಅಲ್ಲಿ: ಬ್ರೋಕರ್‌ನ ಮಾರ್ಜಿನ್ ಲೆಕ್ಕ ನಿಮ್ಮ ನಷ್ಟದ ಮಿತಿಯನ್ನು ಕೇಳುವುದಿಲ್ಲ.

ಮಿತಿಗೆ ಹೊಂದುವುದು 50 ಪಾಯಿಂಟ್ ಅಗಲದ್ದು ಮಾತ್ರ. 24,800 ಮಾರಿ 24,750 ಕೊಂಡರೆ ಬರುವುದು 14 ಪಾಯಿಂಟ್, 910 ರೂಪಾಯಿ. ಗರಿಷ್ಠ ನಷ್ಟ 36 ಪಾಯಿಂಟ್, 2,340. ಖರ್ಚು ಕಳೆದರೆ ಗೆಲುವು 770, ಸೋಲು 2,480, ಅಂದರೆ ಒಂದು ಪೂರ್ತಿ ಸೋಲು ಮೂರು ಗೆಲುವಿಗೂ ಹೆಚ್ಚು ತಿನ್ನುತ್ತದೆ. ಸೋಮವಾರ ನಿಫ್ಟಿ 25,000ದಲ್ಲೇ ಇದ್ದರೆ ಸ್ಪ್ರೆಡ್ 4–5ಕ್ಕೆ ಇಳಿದು ಖರ್ಚಿಗೆ ಮುಂಚೆ 600 ರೂಪಾಯಿಯಷ್ಟು ಉಳಿಯುತ್ತದೆ. ಇಷ್ಟು ಸಣ್ಣ ಲಾಭದಲ್ಲಿ ಕೊಳ್ಳುವ–ಮಾರುವ ದರಗಳ ನಡುವಿನ ಒಂದು ರೂಪಾಯಿ ಅಂತರ ಕೂಡ 65 ರೂಪಾಯಿ ಕಿತ್ತುಕೊಳ್ಳುತ್ತದೆ, ಆದ್ದರಿಂದ ಲಿಮಿಟ್ ಆರ್ಡರ್ ಬಿಟ್ಟು ಬೇರೆ ಹಾಕಬಾರದು.

ಮಂಗಳವಾರ ಬೆಳಿಗ್ಗೆ

ಎರಡೂ ಸ್ಪ್ರೆಡ್‌ಗಳು ಸೋಮವಾರದವರೆಗೆ 60,000ದಲ್ಲಿ ಆರಾಮಾಗಿ ಕೂತಿರುತ್ತವೆ. ಎಕ್ಸ್‌ಪೈರಿ ದಿನ ಮಾರಿದ ಆಪ್ಷನ್ ಮೇಲೆ ಇನ್ನೂ ಶೇ 2 ಹೆಚ್ಚುವರಿ ಮಾರ್ಜಿನ್ ಬೀಳುತ್ತದೆ, 2024ರ ನವೆಂಬರ್ 20ರಿಂದ ಬಂದ ನಿಯಮ. ಮತ್ತೆ 32,500. ಡೆಬಿಟ್ ಸ್ಪ್ರೆಡ್‌ಗೆ ಬೇಕಾದದ್ದು 35,360 + 32,500 = 67,860 ಆಯಿತು, ಖಾತೆಯಲ್ಲಿರುವುದು 60,000. ನಷ್ಟದ ಮಿತಿ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದರೂ ಖಾತೆ ಮಾರ್ಜಿನ್ ಕೊರತೆಗೆ ಬಿತ್ತು. ಆ್ಯಪ್‌ನಲ್ಲಿ ಲಭ್ಯ ಮಾರ್ಜಿನ್ ಮೈನಸ್ ತೋರಿಸುವುದೇ ಗುರುತು. ಕೊರತೆ ಒಂದು ಲಕ್ಷದೊಳಗೆ, ಬೇಕಾದ ಮಾರ್ಜಿನ್‌ನ ಶೇ 10ರೊಳಗೆ ಇದ್ದರೆ ಕೊರತೆಯ ಮೇಲೆ ದಿನಕ್ಕೆ ಶೇ 0.5 ದಂಡ, ಮೀರಿದರೆ ಶೇ 1. ಇಲ್ಲಿ 7,860 ಕೊರತೆ ಶೇ 10 ಮೀರುತ್ತದೆ, ದಂಡ 79 ರೂಪಾಯಿಯಷ್ಟು. ಆದರೆ ನಿಜವಾದ ಪೆಟ್ಟು ದಂಡದ್ದಲ್ಲ. ಬ್ರೋಕರ್‌ನ ಕಡೆಯಿಂದಲೇ ಪೊಸಿಷನ್ ಕತ್ತರಿಸಿದರೆ ಅದು ಸಿಕ್ಕ ದರಕ್ಕೆ ಹೋಗುತ್ತದೆ, ಮೇಲೆ ಅದಕ್ಕೆ ಬೇರೆ ಶುಲ್ಕ.

ಆದ್ದರಿಂದ ಈ ಗಾತ್ರದ ಖಾತೆಗೆ ಸ್ಪ್ರೆಡ್‌ನ ಆಯುಸ್ಸು ಸೋಮವಾರ 3:15ರವರೆಗೆ ಮಾತ್ರ. ಮಂಗಳವಾರ ರಜೆ ಇದ್ದರೆ ಎಕ್ಸ್‌ಪೈರಿ ಹಿಂದಿನ ವಹಿವಾಟಿನ ದಿನಕ್ಕೆ ಬರುತ್ತದೆ, ಆಗ ಇನ್ನೊಂದು ದಿನ ಮುಂಚೆ. ಡೆಬಿಟ್ ಸ್ಪ್ರೆಡ್‌ನ 3,640 ಲಾಭ ಕಾಗದದ ಮೇಲಿದ್ದರೂ, ಸೋಮವಾರ ನಿಫ್ಟಿ 25,150ರಲ್ಲಿದ್ದರೆ ಕೈಗೆ ಸಿಗುವುದು 1,820ರ ಆಸುಪಾಸು ಎಂಬುದನ್ನು ಒಳಹೋಗುವಾಗಲೇ ಒಪ್ಪಿಕೊಂಡಿರಬೇಕು. ಒಂದೇ ಆಪ್ಷನ್ ಕೊಂಡವರಿಗೆ ಈ ತಾಪತ್ರಯ ಇಲ್ಲ, ಆ ದಾರಿಗಿರುವ ನಿಜವಾದ ಅನುಕೂಲ ಇದೊಂದೇ.

ಹೊರಬರುವಾಗ ಕಾಲುಗಳ ಸರದಿ ತಪ್ಪಬಾರದು. ಒಳಗೆ ಹೋಗುವಾಗ ಮೊದಲು ಕೊಳ್ಳುವುದು, ಆಮೇಲೆ ಮಾರುವುದು. ಹೊರಬರುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳುವುದು, ಆಮೇಲೆ ಕೊಂಡದ್ದನ್ನು ಮಾರುವುದು. ತಿರುಗಾಮುರುಗಾ ಮಾಡಿದರೆ ನಡುವಿನ ಕೆಲವು ಸೆಕೆಂಡು ಬರೀ ಮಾರಿದ ಆಪ್ಷನ್ ಉಳಿಯುತ್ತದೆ, ಅದಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರ್ಜಿನ್ ಬೇಕು. ಒಳಗೆ ಹೋಗುವಾಗಾದರೆ ಆರ್ಡರ್ ತಿರಸ್ಕೃತವಾಗಿ ಅಲ್ಲಿಗೆ ಮುಗಿಯುತ್ತದೆ. ಹೊರಬರುವಾಗ ಆರ್ಡರ್ ಪಾಸಾಗಿಬಿಟ್ಟರೆ ನಷ್ಟಕ್ಕೆ ಮಿತಿಯೇ ಇರುವುದಿಲ್ಲ. ದಿನದಲ್ಲಿ ಹಲವು ಬಾರಿ ಯಾವುದೋ ಗಳಿಗೆಯಲ್ಲಿ ತೆಗೆಯುವ ಮಾರ್ಜಿನ್ ಚಿತ್ರದಲ್ಲಿ ಆ ಸೆಕೆಂಡು ಸಿಕ್ಕಿಬಿದ್ದರೆ ದಂಡವೂ ದೊಡ್ಡದೇ.

ಇನ್ನೊಂದು ಮಾತು ಅದೇ ವಾರ ಎರಡನೇ ಬಾರಿ ಒಳಗೆ ಹೋಗುವವರಿಗೆ. 22 ಪಾಯಿಂಟ್ ನಷ್ಟದಲ್ಲಿ ಡೆಬಿಟ್ ಸ್ಪ್ರೆಡ್ ಮುಚ್ಚಿದರೆ 1,430 ಮತ್ತು ಖರ್ಚು 140, ಒಟ್ಟು 1,570 ಹೋಯಿತು. ಉಳಿದ 1,430ರಲ್ಲಿ ಮತ್ತೆ 140 ಖರ್ಚು ತೆಗೆದರೆ 1,290, ಅಂದರೆ 19 ಪಾಯಿಂಟ್. 19 ಪಾಯಿಂಟ್‌ಗೆ ಇಂಡೆಕ್ಸ್ ಹತ್ತಿರದಲ್ಲಿ ಕೊಳ್ಳಲು ಯೋಗ್ಯವಾದ ಸ್ಪ್ರೆಡ್ ಸಿಗುವುದಿಲ್ಲ, 50 ಅಗಲದ್ದೂ ಅದನ್ನು ಮೀರುತ್ತದೆ. ಹಾಗಾಗಿ 65ರ ಲಾಟ್‌ನಲ್ಲಿ 3,000ದ ಮಿತಿ ಎಂದರೆ ಎಕ್ಸ್‌ಪೈರಿಗೆ ಒಂದೇ ವ್ಯವಹಾರ.

ಗುರುವಾರದ ಸೆನ್ಸೆಕ್ಸ್ ಕೂಡ ನೋಡಬಹುದು. ಅಲ್ಲಿ ಲಾಟ್ 20, ಸ್ಟ್ರೈಕ್ 100ಕ್ಕೊಂದು. ಒಂದು ಸ್ಟ್ರೈಕ್ ಅಗಲಿಸಿದರೆ ಅಪಾಯ ಹೆಚ್ಚೆಂದರೆ 2,000 ರೂಪಾಯಿ ಏರುತ್ತದೆ, ನಿಫ್ಟಿಯಲ್ಲಿ 50 × 65 = 3,250. ನಷ್ಟವನ್ನು ಮಿತಿಗೆ ಹತ್ತಿರ ತಂದು ನಿಲ್ಲಿಸಲು ಸೆನ್ಸೆಕ್ಸ್ ಸಲೀಸು. ಒಪ್ಪಂದದ ಮೌಲ್ಯ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಕ್ಸ್‌ಪೋಷರ್ ಮಾರ್ಜಿನ್, ಎಕ್ಸ್‌ಪೈರಿ ದಿನದ ಹೆಚ್ಚುವರಿ ಎರಡೂ ಅಷ್ಟೇ ಬೀಳುತ್ತವೆ.

ದಿಕ್ಕಿನ ಬಗ್ಗೆ ಗಟ್ಟಿ ಅಂದಾಜಿದ್ದ ವಾರ ನಾವು ಆರಿಸುವುದು 100 ಅಗಲದ ಡೆಬಿಟ್ ಸ್ಪ್ರೆಡ್. ಅಂದಾಜಿಲ್ಲದ ವಾರ 50 ಅಗಲದ ಕ್ರೆಡಿಟ್ ಸ್ಪ್ರೆಡ್, ಅದೂ 14 ಪಾಯಿಂಟ್‌ಗಿಂತ ಕಡಿಮೆ ಸಿಕ್ಕರೆ ಬೇಡ. ಮಂಗಳವಾರದವರೆಗೆ ಇಟ್ಟುಕೊಳ್ಳಲೇಬೇಕು ಅನ್ನುವವರಿಗೆ 67,860ರ ಮೇಲೆ ಇಂಡೆಕ್ಸ್ ಏರಿದಾಗ ಬೆಳೆಯುವ ಮಾರ್ಜಿನ್‌ಗೂ ಜಾಗ ಬಿಟ್ಟು ಖಾತೆಯಲ್ಲಿ 75,000 ಇರಬೇಕು. ಆಗಲೂ ಲಾಟ್ ಒಂದೇ.