ಎನ್‌ವಿಡಿಎ ಮತ್ತು ಇ-ಸ್ಪೀಕ್ ಕನ್ನಡ ಧ್ವನಿ: ಮಕ್ಕಳ ಜೊತೆ ವರ್ಷಗಟ್ಟಲೆ ಬಳಸಿದ ಮೇಲೆ

ನಾನು ದೃಷ್ಟಿ ಇಲ್ಲದ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಾನೂ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲೇ ಓದುವವಳು. ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳ ಜೊತೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರನ್ನು ಅದರ ಜೊತೆಗೇ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿಯಲ್ಲಿ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಎರಡೂ ಉಚಿತ. ಕನ್ನಡ ಓದಲು ಬೇರೇನೂ ಹಾಕಿಕೊಳ್ಳಬೇಕಿಲ್ಲ. ಹೋಲಿಸಿ ನೋಡಲು ಮಕ್ಕಳ ಫೋನ್‌ನಲ್ಲಿರುವ ಗೂಗಲ್‌ನ ಕನ್ನಡ ಧ್ವನಿಯೂ ಇತ್ತು. ಯಾವ ಧ್ವನಿ ಇಡಬೇಕು, ಎಷ್ಟು ವೇಗ ಇಡಬೇಕು ಅಂತ ಪೋಷಕರೂ ಬೇರೆ ಶಿಕ್ಷಕರೂ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಈ ಬರಹ.

ಮೊದಲು ಧ್ವನಿಯ ಮಾತು. ಇ-ಸ್ಪೀಕ್ ಕನ್ನಡವನ್ನು ಮೊದಲ ಸಲ ಕೇಳಿದ ಯಾರೂ ಮೆಚ್ಚುವುದಿಲ್ಲ. 'ಮಿಸ್, ಇದು ರೋಬೋ ಥರ ಮಾತಾಡುತ್ತೆ, ಫೋನಿನ ಅಕ್ಕನ ಧ್ವನಿ ಹಾಕಿಕೊಡಿ' ಅಂತ ಪ್ರತಿ ವರ್ಷ ಹೊಸ ಮಕ್ಕಳು ಕೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಫೋನಿನ ಧ್ವನಿಯ ಮೂಲದಲ್ಲಿ ನಿಜವಾದ ಮನುಷ್ಯರ ದನಿಯ ರೆಕಾರ್ಡಿಂಗ್ ಇದೆ. ಇ-ಸ್ಪೀಕ್‌ನಲ್ಲಿ ಮನುಷ್ಯರ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಯಿ, ಗಂಟಲು ಸ್ವರವನ್ನು ಹೇಗೆ ರೂಪಿಸುತ್ತವೆ ಅನ್ನುವ ಲೆಕ್ಕದಿಂದ ಅದು ಶಬ್ದವನ್ನು ಆಗಿಂದಾಗಲೇ ತಯಾರಿಸುತ್ತದೆ. ಅದಕ್ಕೇ ಒರಟು. ಆದರೆ ಅದರ ಎರಡು ದೊಡ್ಡ ಗುಣಗಳೂ ಇಲ್ಲಿಂದಲೇ ಬರುತ್ತವೆ.

ಒಂದು, ಕೀ ಒತ್ತಿದ ತಕ್ಷಣ ಮಾತು ಬರುತ್ತದೆ. ಸ್ಕ್ರೀನ್ ರೀಡರ್ ಬಳಸದವರಿಗೆ ಇದರ ಬೆಲೆ ಗೊತ್ತಾಗುವುದು ಕಷ್ಟ. ನಾವು ಒಂದು ಫೋಲ್ಡರ್‌ನಲ್ಲಿ ಫೈಲ್ ಹುಡುಕುವಾಗ ಬಾಣದ ಕೀಯನ್ನು ಟಕಟಕ ಒತ್ತುತ್ತಾ ಹೋಗುತ್ತೇವೆ. ಪ್ರತಿ ಹೆಸರಿನ ಮೊದಲ ಅಕ್ಷರ ಕಿವಿಗೆ ಬಿದ್ದರೆ ಸಾಕು, ಮುಂದಿನದಕ್ಕೆ ಹೋಗುತ್ತೇವೆ. ಧ್ವನಿ ಪ್ರತಿ ಸಲ ಸ್ವಲ್ಪ ತಡವಾಗಿ ಶುರುವಾದರೂ ಬೆರಳು ಒಂದು ಕಡೆ, ಕಿವಿ ಇನ್ನೊಂದು ಕಡೆ ಆಗಿಬಿಡುತ್ತದೆ. ಎರಡು, ವೇಗ ಜಾಸ್ತಿ ಮಾಡಿದರೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಮನುಷ್ಯರ ಥರ ಮಾತಾಡುವ ಧ್ವನಿಗಳು ಮಾಮೂಲಿ ವೇಗದಲ್ಲಿ ಸೊಗಸು, ಆದರೆ ವೇಗ ಏರಿಸಿದಂತೆ ಪದದ ಕೊನೆಗಳು ಕರಗುತ್ತವೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ಎಲ್ಲಾ ಇರುವುದು ಪದದ ಕೊನೆಯಲ್ಲೇ ಅಲ್ವಾ? 'ಹೋಗುತ್ತಾನೆ', 'ಹೋಗುತ್ತಾಳೆ' ಎರಡೂ ಒಂದೇ ಥರ ಕೇಳಿಸಿದರೆ ಪಾಠ ಅರ್ಥವಾಗುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಕಂಪ್ಯೂಟರ್‌ನಲ್ಲಿ ಕೆಲಸ ಮಾಡಲು, ಟೈಪ್ ಮಾಡಲು, ನೋಟ್ಸ್ ಓದಲು ಇ-ಸ್ಪೀಕ್. ರಾತ್ರಿ ಮಲಗಿಕೊಂಡು ಕತೆ, ಕಾದಂಬರಿ ಕೇಳಲು ಫೋನಿನ ಧ್ವನಿ. ಕಿವಿ ಇ-ಸ್ಪೀಕ್‌ಗೆ ಒಗ್ಗುವವರೆಗೆ ಮಗು ಬೇಜಾರು ಮಾಡಿಕೊಳ್ಳುತ್ತದೆ, ಆಗ ಧ್ವನಿ ಬದಲಿಸಿಬಿಡಬೇಡಿ. ಅದರಲ್ಲೇ `Variant` ಅನ್ನುವ ಪಟ್ಟಿ ಇದೆ. ಅಲ್ಲಿಂದ ಮಗುವಿಗೆ ಹಿತವಾದ ದನಿಯನ್ನು ಅವರೇ ಆರಿಸಿಕೊಳ್ಳಲಿ. ಕೆಲವು ಮಕ್ಕಳಿಗೆ ದಪ್ಪ ದನಿ ಇಷ್ಟ, ಕೆಲವರಿಗೆ ತೆಳು. `NVDA+Ctrl+V` ಒತ್ತಿದರೆ ಇವೆಲ್ಲ ಇರುವ ಜಾಗ ತೆರೆಯುತ್ತದೆ. ಇಲ್ಲಿ `NVDA` ಅಂದರೆ ಸಾಮಾನ್ಯವಾಗಿ `Insert` ಕೀ.

ಇನ್ನು ವೇಗ. ನಿಜವಾದ ತೊಂದರೆ ಇರುವುದು ಇಲ್ಲೇ.

ಹಾಸ್ಟೆಲ್‌ನಲ್ಲಿ ವೇಗ ಅನ್ನುವುದು ಪೈಪೋಟಿ ಆಗಿಬಿಟ್ಟಿದೆ. 'ನಿಂದು ಎಷ್ಟು? ನಂದು ಎಂಬತ್ತು' ಅಂತ ಹುಡುಗರು ಹೇಳಿಕೊಳ್ಳುತ್ತಾರೆ. ಆ ಸಂಖ್ಯೆಯ ಅರ್ಥ ಮೊದಲು ತಿಳಿದುಕೊಳ್ಳಬೇಕು. ಎನ್‌ವಿಡಿಎಯಲ್ಲಿ ವೇಗ 0ರಿಂದ 100ರವರೆಗೆ ಇರುತ್ತದೆ. ಇ-ಸ್ಪೀಕ್‌ನಲ್ಲಿ 0 ಅಂದರೆ ನಿಮಿಷಕ್ಕೆ 80 ಪದ, 100 ಅಂದರೆ 450 ಪದ. ಆ ಪ್ರಕಾರ 50 ಇಟ್ಟರೆ ಸುಮಾರು 265 ಪದ. `Rate boost` ಅನ್ನುವುದನ್ನು ಆನ್ ಮಾಡಿದರೆ ಇದೆಲ್ಲ ಮೂರು ಪಟ್ಟಾಗುತ್ತದೆ. ಬೇರೆ ಧ್ವನಿಗೆ ಹೋದರೆ ಅದರ 50 ಇನ್ನೇನೋ ಆಗಿರುತ್ತದೆ. ಆದ್ದರಿಂದ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ನಕಲು ಮಾಡಿ ಪ್ರಯೋಜನವಿಲ್ಲ. ಅದಲ್ಲದೆ ಕನ್ನಡದ ಪದಗಳು ಉದ್ದ. 'ಹೋಗಬೇಕಾಗಿತ್ತಂತೆ' ಅನ್ನುವ ಒಂದೇ ಪದದಲ್ಲಿ ಇಂಗ್ಲಿಷಿನ ನಾಲ್ಕೈದು ಪದಗಳ ಸರಕು ಇದೆ. ಇಂಗ್ಲಿಷನ್ನು ಕೇಳುವ ವೇಗದಲ್ಲೇ ಕನ್ನಡವನ್ನೂ ಕೇಳುತ್ತೇನೆ ಅಂದರೆ ಆಗುವುದಿಲ್ಲ.

ಎರಡನೇ ಪಿಯುಸಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಜಾಣೆ. ಮೆನು, ಫೈಲ್, ಇಂಟರ್‌ನೆಟ್ ಎಲ್ಲವನ್ನೂ 65ರ ವೇಗದಲ್ಲಿ ಸಲೀಸಾಗಿ ಓಡಿಸುತ್ತಿದ್ದಳು. ಇತಿಹಾಸದ ನೋಟ್ಸನ್ನೂ ಅದೇ ವೇಗದಲ್ಲಿ ಕೇಳುತ್ತಿದ್ದಳು. ಕೇಳಿದ್ದನ್ನು ಬಾಯಲ್ಲಿ ಹೇಳು ಅಂದರೆ ಚೆನ್ನಾಗಿ ಹೇಳುತ್ತಿದ್ದಳು. ಆದರೆ ಬ್ರೈಲ್‌ನಲ್ಲಿ ಬರೆಸಿದಾಗ 'ಐಹೊಳೆ ಶಾಸನ' ಅವಳ ಕೈಯಲ್ಲಿ 'ಐಹೊಲೆ ಶಾಸನ' ಆಗಿತ್ತು. ಊರಿನ ಹೆಸರು, ರಾಜರ ಹೆಸರುಗಳಲ್ಲೇ ತಪ್ಪು ಜಾಸ್ತಿ. ಮಾಮೂಲಿ ಪದಗಳಲ್ಲಿ ಕಡಿಮೆ.

ಇದಕ್ಕೆ ಕಾರಣ ಸ್ಪಷ್ಟ. ವೇಗ ಏರಿಸಿದರೆ ಎಲ್ಲಾ ಸ್ವರಗಳೂ ಕುಗ್ಗುತ್ತವೆ. ದೀರ್ಘ ಸ್ವರ ಕುಗ್ಗಿ ಹ್ರಸ್ವದ ಹತ್ತಿರ ಬರುತ್ತದೆ. ಒತ್ತಕ್ಷರ ಕುಗ್ಗಿ ಒಂಟಿ ಅಕ್ಷರದಂತೆ ಕೇಳಿಸುತ್ತದೆ. ಲಕಾರ, ಳಕಾರಗಳ ನಡುವಿನ ವ್ಯತ್ಯಾಸ ಹಿಡಿಯಲು ಕಿವಿಗೆ ಸಮಯ ಸಿಗುವುದಿಲ್ಲ. ಗೊತ್ತಿರುವ ಪದವಾದರೆ ಮನಸ್ಸು ಸಂದರ್ಭ ನೋಡಿ ಸರಿ ಮಾಡಿಕೊಳ್ಳುತ್ತದೆ. ಹೊಸ ಹೆಸರಾದರೆ ಕೇಳಿಸಿದ್ದೇ ಗಟ್ಟಿ. ಕಣ್ಣು ಕಾಣುವ ಮಗು 'ಐಹೊಳೆ'ಯನ್ನು ಪುಸ್ತಕದಲ್ಲಿ ನೋಡಿರುತ್ತದೆ. ನಮ್ಮ ಮಕ್ಕಳಿಗೆ ಆ ಪದದ ಕಾಗುಣಿತ ಸಿಗುವುದು ಬಹುಪಾಲು ಈ ಧ್ವನಿಯಿಂದಲೇ.

ಅವಳಿಗೆ ಸರಿಯಾದ ವೇಗ ಕಂಡುಹಿಡಿದದ್ದು ಹೀಗೆ. ನೋಟ್‌ಪ್ಯಾಡ್‌ನಲ್ಲಿ ಸಾಲಿಗೆ ಒಂದರಂತೆ ಪದಗಳನ್ನು ಬರೆದೆ. ಕತೆ, ಕತ್ತೆ. ಬಳೆ, ಬಾಳೆ. ಹುಲಿ, ಹುಳಿ. ಹಳಿ, ಹಳ್ಳಿ. ಇಂಥವನ್ನು ಕಲಸಿ, ಜೋಡಿ ಅಕ್ಕಪಕ್ಕ ಬರದ ಹಾಗೆ ಇಟ್ಟೆ. ವೇಗವನ್ನು 30ಕ್ಕೆ ಇಳಿಸಿದೆ. ಅವಳು ಕೆಳಬಾಣ ಒತ್ತಿ ಒಂದು ಪದವನ್ನು ಒಂದೇ ಸಲ ಕೇಳಿ, ಬ್ರೈಲ್ ಸ್ಲೇಟಿನಲ್ಲಿ ಬರೆಯಬೇಕು. ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಸಬಾರದು, ಯಾಕೆಂದರೆ ಟೈಪ್ ಮಾಡಿದ್ದನ್ನು ಅದೇ ಧ್ವನಿ ಹೇಳಿಬಿಡುತ್ತದೆ. ಎಲ್ಲಾ ಸರಿ ಬಂದರೆ ವೇಗವನ್ನು 5 ಏರಿಸಿ, ಪದಗಳನ್ನು ಮತ್ತೆ ಕಲಸಿ ಕೊಡುವುದು. ಅವಳಿಗೆ 45ರವರೆಗೆ ತೊಂದರೆ ಇರಲಿಲ್ಲ. 50ರಲ್ಲಿ ಲ, ಳ ತಪ್ಪತೊಡಗಿದವು. 55ರಲ್ಲಿ ಒತ್ತಕ್ಷರಗಳೂ ಹೋದವು. ಹಾಗಾಗಿ ಪಾಠಕ್ಕೆ 45 ಅಂತ ನಿಂತೆವು.

30ರಲ್ಲೇ ತಪ್ಪು ಬಂದರೆ ಅದು ವೇಗದ ತೊಂದರೆ ಅಲ್ಲ. ಆಗ ಅದೇ ಫೈಲನ್ನು ಫೋನಿಗೆ ಕಳಿಸಿ ಆ ಧ್ವನಿಯಲ್ಲಿ ಕೇಳಿಸಿ. ಅಲ್ಲಿ ಸರಿ ಬಂದರೆ ಆ ಅಕ್ಷರವನ್ನು ಇ-ಸ್ಪೀಕ್ ಹೇಳುವ ರೀತಿಗೆ ಕಿವಿ ಇನ್ನೂ ಒಗ್ಗಿಲ್ಲ ಅಂತ ಅರ್ಥ. ಎರಡರಲ್ಲೂ ಅದೇ ತಪ್ಪು ಬಂದರೆ ಮಗುವಿಗೆ ಕಾಗುಣಿತವೇ ಕೂತಿಲ್ಲ, ಇಲ್ಲವೇ ಕಿವಿ ಪರೀಕ್ಷೆ ಮಾಡಿಸಬೇಕು. ಕಿವಿ ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ.

ಆದರೆ ಅವಳ ಮೆನು ಕೆಲಸವನ್ನೂ 45ಕ್ಕೆ ಇಳಿಸುವುದು ಅನ್ಯಾಯ. ಇಲ್ಲೇ ಎನ್‌ವಿಡಿಎ ನನಗೆ ಬಹಳ ಇಷ್ಟವಾಗುವುದು. ಅದರಲ್ಲಿ ಪ್ರೊಫೈಲ್ ಅನ್ನುವ ಸೌಲಭ್ಯ ಇದೆ. `NVDA+Ctrl+P` ಒತ್ತಿ, `New` ಆರಿಸಿ, ಒಂದು ಹೆಸರು ಕೊಟ್ಟು, ಯಾವುದಕ್ಕೆ ಬಳಸಬೇಕು ಅನ್ನುವಲ್ಲಿ `Say all` ಆರಿಸಬೇಕು. ಆಮೇಲೆ ಈ ಪ್ರೊಫೈಲನ್ನು ಈಗಲೇ ಸಕ್ರಿಯ ಮಾಡಲೇ ಅಂತ ಕೇಳುತ್ತದೆ. ಹೌದು ಅನ್ನಿ. ವೇಗವನ್ನು 45ಕ್ಕೆ ಇಳಿಸಿ. ಮತ್ತೆ `NVDA+Ctrl+P` ಒತ್ತಿ ಪ್ರೊಫೈಲನ್ನು ನಿಷ್ಕ್ರಿಯ ಮಾಡಿ. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಎಲ್ಲಾ ಕಡೆ 45 ಆಗಿಬಿಡುತ್ತದೆ, ಮಗು ಇದು ಕೆಲಸ ಮಾಡುತ್ತಿಲ್ಲ ಅಂದುಕೊಳ್ಳುತ್ತದೆ. ಸರಿಯಾಗಿ ಮಾಡಿದರೆ ಬಾಣದ ಕೀಯಲ್ಲಿ ಓಡಾಡುವಾಗ 65ರ ವೇಗ ಇರುತ್ತದೆ. `NVDA+ಕೆಳಬಾಣ` ಒತ್ತಿ ಪಾಠ ಓದಲು ಬಿಟ್ಟರೆ ತಾನಾಗಿ 45ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ ಕೀ ಜೋಡಣೆಯಲ್ಲಿ ಅದು `NVDA+A`. ಆ ಹುಡುಗಿ ಈಗ ಇದನ್ನೇ ಬಳಸುತ್ತಾಳೆ. ಹೊಸ ಹೆಸರು ಬಂದಾಗ ನಿಲ್ಲಿಸಿ, ಬಾಣದ ಕೀಯಲ್ಲಿ ಅಕ್ಷರ ಅಕ್ಷರವಾಗಿ ಒಮ್ಮೆ ಕೇಳಿ ಮುಂದೆ ಹೋಗುತ್ತಾಳೆ.

ಲ್ಯಾಬ್‌ನಲ್ಲಿ ಒಂದೇ ಕಂಪ್ಯೂಟರ್‌ಗೆ ಹಲವು ಮಕ್ಕಳು ಕೂರುತ್ತಾರೆ. ಒಬ್ಬರು ಇಟ್ಟ ವೇಗ ಇನ್ನೊಬ್ಬರಿಗೆ ಹಿಂಸೆ. ಎನ್‌ವಿಡಿಎಯ `Tools` ಮೆನುವಿನಲ್ಲಿ ಪೋರ್ಟಬಲ್ ಪ್ರತಿ ಮಾಡಿಕೊಳ್ಳುವ ದಾರಿ ಇದೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಮಗುವಿನ ಕೈಗೇ ಕೊಡಿ. ಧ್ವನಿ, ವೇಗ, ಪ್ರೊಫೈಲ್ ಎಲ್ಲಾ ಅದರಲ್ಲೇ ಇರುತ್ತವೆ. ಪೆನ್‌ಡ್ರೈವ್‌ಗೆ ಅವಕಾಶ ಇಲ್ಲದ ಕಡೆ, ಕೂತ ತಕ್ಷಣ `NVDA+Ctrl+R` ಒಂದು ಸಲ ಒತ್ತಿದರೆ ಹಿಂದಿನವರು ಉಳಿಸದೆ ಬಿಟ್ಟ ಬದಲಾವಣೆಗಳು ಹೋಗುತ್ತವೆ. ಮೂರು ಸಲ ಒತ್ತಬೇಡಿ. ಹಾಗೆ ಒತ್ತಿದರೆ ಹೊಸದಾಗಿ ಹಾಕಿದಾಗ ಹೇಗಿತ್ತೋ ಹಾಗಾಗುತ್ತದೆ, ಕನ್ನಡ ಧ್ವನಿಯ ಆಯ್ಕೆಯೂ ಹೋಗಿಬಿಡಬಹುದು.

ಕನ್ನಡ, ಇಂಗ್ಲಿಷ್ ಬೆರೆತ ನೋಟ್ಸ್ ಬಗ್ಗೆ ಒಂದು ಮಾತು. ಇ-ಸ್ಪೀಕ್ ಕನ್ನಡ ಧ್ವನಿ ಇಂಗ್ಲಿಷ್ ಪದ ಬಂದರೆ ಅದನ್ನೂ ತಾನೇ ಓದುತ್ತದೆ. ಉಚ್ಚಾರಣೆ ಚೆನ್ನಾಗಿಲ್ಲ, ಆದರೆ ಯಾವುದನ್ನೂ ಬಿಡುವುದಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಧ್ವನಿಗಳು ಕನ್ನಡದ ಸಾಲು ಬಂದಾಗ ಅದನ್ನು ನುಂಗಿ ಮುಂದೆ ಹೋಗುವುದುಂಟು. ಮಗುವಿಗೆ ಅಲ್ಲೊಂದು ಸಾಲು ಇತ್ತು ಅನ್ನುವುದೇ ತಿಳಿಯುವುದಿಲ್ಲ. ಇಂಗ್ಲಿಷ್ ಧ್ವನಿ ಚೆಂದ ಇದೆ ಅಂತ ಅದನ್ನೇ ಮುಖ್ಯ ಧ್ವನಿ ಮಾಡಿಕೊಂಡ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಕೊನೆಗೆ, ಯಾವ ಧ್ವನಿಯೂ ಪರಿಹಾರ ಕೊಡದ ಒಂದು ತೊಂದರೆ. ಬಹಳಷ್ಟು ಕನ್ನಡ ನೋಟ್ಸ್ ಇನ್ನೂ ಹಳೆಯ ನುಡಿ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದ ರೂಪದಲ್ಲಿ ಬರುತ್ತವೆ. ಕಣ್ಣಿಗೆ ಅದು 'ಕನ್ನಡ' ಅಂತ ಕಾಣಿಸುತ್ತದೆ, ಒಳಗೆ ಇರುವುದು `PÀ£ÀßqÀ`. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನೇ. ಮಕ್ಕಳು 'ಧ್ವನಿ ಕೆಟ್ಟಿದೆ ಮಿಸ್' ಅಂತ ಬರುತ್ತಾರೆ. ಪರೀಕ್ಷಿಸುವುದು ಸುಲಭ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಬಾಣದ ಕೀಯಲ್ಲಿ ಒಂದೊಂದೇ ಅಕ್ಷರ ಕೇಳಿ. ಕನ್ನಡ ಅಕ್ಷರಗಳ ಬದಲು ಪಿ, ಕ್ಯೂ, ಪೌಂಡ್ ಅಂತ ಬಂದರೆ ಫೈಲೇ ಹಾಗಿದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನೋಟ್ಸ್ ಕೊಡುವ ಉಪನ್ಯಾಸಕರು ಮೊದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಕೊಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ, ಆ ತಪ್ಪನ್ನು ಕೇಳಿ ಮಾತ್ರ ಓದುವ ಮಗು ಹಿಡಿಯಲಾರದು.