ಫಿಫೋದ ಫುಲ್, ಎಂಪ್ಟಿ ಫ್ಲ್ಯಾಗ್: ಕೌಂಟರ್ ಇಡೋದಾ, ಒಂದು ಬಿಟ್ ಜಾಸ್ತಿ ಇಡೋದಾ?

8 ಜಾಗದ ಫಿಫೋ ಅಂದುಕೊಳ್ಳಿ. ಬರೆಯುವ, ಓದುವ ಪಾಯಿಂಟರ್‌ಗಳು 3 ಬಿಟ್. ಎರಡೂ ಸಮ ಆದಾಗ ಫಿಫೋ ಖಾಲಿಯೋ, ತುಂಬಿದೆಯೋ ಗೊತ್ತಾಗುವುದಿಲ್ಲ. ಇದಕ್ಕೆ ಲ್ಯಾಬಿನಲ್ಲಿ ಎರಡು ದಾರಿ ನಡೆಯುತ್ತವೆ.

ಕೌಂಟರ್ ದಾರಿ ಓದಲು ಸುಲಭ: `count == 0` ಆದರೆ ಎಂಪ್ಟಿ, `count == 8` ಆದರೆ ಫುಲ್. ಆದರೆ ಕೌಂಟರ್ 4 ಬಿಟ್ ಇರಲೇಬೇಕು. 3 ಬಿಟ್ ಇಟ್ಟರೆ ಎಂಟನೇ ಬರಹಕ್ಕೆ ಅದು ಸೊನ್ನೆಗೆ ಮರಳುತ್ತದೆ, ತುಂಬಿದ ಫಿಫೋ ಖಾಲಿ ಎನ್ನುತ್ತದೆ. ಇನ್ನೊಂದು ತೊಂದರೆ ಒಂದೇ ಕ್ಲಾಕಿನಲ್ಲಿ ಓದು, ಬರಹ ಎರಡೂ ಬಂದಾಗ. ಕೂಡಿಸಲು ಒಂದು `if`, ಕಳೆಯಲು ಇನ್ನೊಂದು `if` ಬರೆದರೆ ಕೊನೆಯ `<=` ಮಾತ್ರ ನಿಲ್ಲುತ್ತದೆ. ಕೌಂಟ್ ಹಾಗೇ ಇರಬೇಕಿತ್ತು, ಸುಮ್ನೆ ಒಂದು ಇಳಿಯುತ್ತದೆ. ವೇವ್‌ಫಾರ್ಮಿನಲ್ಲಿ ಡೇಟಾ ಉಳಿದಿರುವಾಗಲೇ ಎಂಪ್ಟಿ ಏರಿದರೆ ಮೊದಲು ಇದನ್ನೇ ನೋಡಿ.

ಎರಡನೇ ದಾರಿಯಲ್ಲಿ ಪಾಯಿಂಟರ್‌ಗಳೇ 4 ಬಿಟ್:

```verilog
assign empty = (wp == rp);
assign full  = (wp[3] != rp[3]) &&
               (wp[2:0] == rp[2:0]);
```

ಮೆಮೊರಿಗೆ ಹೋಗುವುದು ಕೆಳಗಿನ 3 ಬಿಟ್ ಮಾತ್ರ. ಓದದೆ ಎಂಟು ಬರೆದರೆ `wp` 1000, `rp` 0000: ಬರೆಯುವವನು ಒಂದು ಸುತ್ತು ಮುಂದಿದ್ದಾನೆ, ಹಾಗಾಗಿ ಫುಲ್. ಪಾಯಿಂಟರ್‌ಗಳು ಬೇರೆ ಬೇರೆಯಾಗಿ ನಡೆಯುವುದರಿಂದ ಒಟ್ಟಿಗೆ ಓದಿ ಬರೆದರೂ ಗೊಂದಲವಿಲ್ಲ. ಆದರೆ ಆಳ 2ರ ಘಾತವೇ ಇರಬೇಕು. 10 ಜಾಗ ಕೇಳಿದರೆ ಕೌಂಟರೇ ಸಲೀಸು.

8 ಅಥವಾ 16 ಆಳಕ್ಕೆ ನನ್ನ ಆಯ್ಕೆ ಎರಡನೆಯದು. ಎರಡು ಕ್ಲಾಕ್ ಇದ್ದರೆ ಒಂದೇ ಕೌಂಟರನ್ನು ಎರಡೂ ಕಡೆಯಿಂದ ಬದಲಿಸಲು ಆಗುವುದಿಲ್ಲ, ಅಲ್ವಾ? ಆಗ ಇದೇ ಪಾಯಿಂಟರ್‌ಗಳನ್ನು ಗ್ರೇ ಕೋಡಿಗೆ ತಿರುಗಿಸಿ, ಎರಡು ಫ್ಲಿಪ್‌ಫ್ಲಾಪ್ ದಾಟಿಸಿ ಹೋಲಿಸುತ್ತಾರೆ. ಅಲ್ಲಿ ಮೇಲಿನ ಫುಲ್ ಸಾಲು ಹಾಗೇ ನಡೆಯುವುದಿಲ್ಲ: ಮೇಲಿನ ಎರಡೂ ಬಿಟ್ ಬೇರೆಯಾಗಿರಬೇಕು, ಉಳಿದವು ಸಮ.