ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟನ್ನು ಮಧ್ಯದಲ್ಲಿ ಗಂಟೆ ಲೆಕ್ಕಕ್ಕೆ ತಿರುಗಿಸುವ ಮುಂಚೆ ಇದನ್ನು ಓದಿ

ಫಿಕ್ಸೆಡ್ ಪ್ರೈಸ್‌ಗೆ ಒಪ್ಪಿಕೊಂಡ ಪ್ರಾಜೆಕ್ಟ್ ಎಳೆದಾಡುತ್ತಿದೆ, "ಇನ್ನು ಮುಂದಿನದ್ದು ಗಂಟೆ ಲೆಕ್ಕದಲ್ಲಿ ಮಾಡೋಣ" ಅಂತ ಕ್ಲೈಂಟ್ ಹೇಳುತ್ತಿದ್ದಾರಾ? ಸ್ವಲ್ಪ ತಡೆಯಿರಿ. ನಾನು ನಾಲ್ಕು ಸಾಲಿನ ಮೇಲ್‌ನಲ್ಲಿ ಹೂಂ ಅಂದುಬಿಟ್ಟೆ. ಬರಬೇಕಿದ್ದ ಹಣಕ್ಕೆ ಐದು ತಿಂಗಳು ಅಲೆದೆ, ಪೂರ್ತಿ ಬರಲೂ ಇಲ್ಲ.

ನಮ್ಮದು ಮೂರು ಜನರ ತಂಡ. ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಡಬೇಕಿತ್ತು. 400 ಗಂಟೆ ಹಿಡಿಯುತ್ತದೆ ಎಂದು ಅಂದಾಜು ಮಾಡಿ, ಅಷ್ಟಕ್ಕೆ ಒಂದು ಮೊತ್ತ ಹೇಳಿದೆವು. ಮುಂಗಡ ಶೇ. 30, ಮೊದಲ ಆವೃತ್ತಿ ಕೊಟ್ಟಾಗ ಶೇ. 30, ಕೆಲಸ ಮುಗಿದ ಮೇಲೆ ಉಳಿದ ಶೇ. 40.

ಫಿಕ್ಸೆಡ್ ಪ್ರೈಸ್ ಇನ್‌ವಾಯ್ಸ್‌ನಲ್ಲಿ ಇರುವುದು ಒಂದೇ ಸಾಲು: "ಎರಡನೇ ಹಂತ, ಶೇ. 30". ಯಾರು ಎಷ್ಟು ಗಂಟೆ ದುಡಿದರು ಅನ್ನೋದು ಅದರಲ್ಲಿ ಇರುವುದಿಲ್ಲ. ನೋಡೋಕೆ ಎಷ್ಟು ಸುಲಭ ಅಲ್ವಾ? ಆದರೆ ಆ ಹಂತ ಮುಗಿಯಿತು ಅಂತ ಕ್ಲೈಂಟ್ ಒಪ್ಪುವ ತನಕ ಆ ಸಾಲನ್ನು ಬರೆಯುವಂತೆಯೇ ಇಲ್ಲ. ನಮ್ಮ ಒಪ್ಪಂದದಲ್ಲಿ "ಕೆಲಸ ಮುಗಿದ ಮೇಲೆ" ಅಂತಿತ್ತು. ಮುಗಿಯಿತು ಅಂತ ಯಾರು ಹೇಳಬೇಕು, ಏನನ್ನು ನೋಡಿ ಹೇಳಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ಇತ್ತು: "ರಿಪೋರ್ಟ್ ಡೌನ್‌ಲೋಡ್ ಮಾಡುವ ಹಾಗಿರಬೇಕು." ನಾವು ಒಂದು ಸಿಎಸ್‌ವಿ ಬಟನ್ ಕೊಟ್ಟೆವು. ಅವರ ಮನಸ್ಸಿನಲ್ಲಿ ಇದ್ದದ್ದು ಎಕ್ಸೆಲ್, ಪಿಡಿಎಫ್, ಜೊತೆಗೆ ಪ್ರತಿ ಸೋಮವಾರ ತಾನಾಗೇ ಹೋಗುವ ಮೇಲ್. ಅವರು ಕೇಳಿದ್ದು ತಪ್ಪು ಅಂತ ನಾನು ಹೇಳಲಾರೆ. ಆ ಸಾಲಿಗೆ ಎರಡು ಅರ್ಥವೂ ಇತ್ತು. ಇಂಥವೇ ಸೇರಿ ಸೇರಿ ಕೆಲಸ 560 ಗಂಟೆಗೆ ಹೋಯಿತು. ಅಷ್ಟರಲ್ಲಿ ಕೈಗೆ ಬಂದಿದ್ದು ಶೇ. 60, ಅಂದರೆ 240 ಗಂಟೆಯ ಹಣ.

ಆಗ ಬಂತು ಗಂಟೆ ಲೆಕ್ಕದ ಮಾತು. ಟೈಮ್ ಅಂಡ್ ಮೆಟೀರಿಯಲ್ಸ್ ಅಂದರೆ ದುಡಿದ ಗಂಟೆಗೆ ಒಪ್ಪಿದ ದರ, ಮೇಲೆ ಸರ್ವರ್, ಲೈಸೆನ್ಸ್ ಥರದ ಖರ್ಚು. ಇಲ್ಲಿ ಇನ್‌ವಾಯ್ಸ್ ಅಂದರೆ ಟೈಮ್‌ಶೀಟೇ. ಪ್ರತಿ ಸಾಲನ್ನೂ ಎದುರಿನವರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ನಮಗೆ ಆ ಅಭ್ಯಾಸವೇ ಇರಲಿಲ್ಲ.

ಮೊದಲ ತಿಂಗಳು 62 ಗಂಟೆಯ ಇನ್‌ವಾಯ್ಸ್ ಕಳಿಸಿದೆ. ಅದರಲ್ಲಿ ಒಂದು ಸಾಲು: "ರಿಪೋರ್ಟ್ ಪುಟದ ಕೆಲಸ, 14 ಗಂಟೆ". ಅವರ ಅಕೌಂಟ್ಸ್ ವಿಭಾಗದವರು ಫೋನ್ ಮಾಡಿ, "ಸರ್, ರಿಪೋರ್ಟ್ ಪುಟ ಮೊದಲಿನ ಮೊತ್ತದಲ್ಲೇ ಇತ್ತಲ್ವಾ? ನಿಮ್ಮ ಬಗ್ ಸರಿಮಾಡೋಕೆ ನಾವ್ಯಾಕೆ ಕೊಡಬೇಕು?" ಅಂದರು. ಆ 14ರಲ್ಲಿ 5 ಗಂಟೆ ನಿಜವಾಗಿ ನಮ್ಮ ಬಗ್. ಅದಕ್ಕೆ ಹಣ ಕೇಳಿದ್ದು ನಮ್ಮದೇ ತಪ್ಪು. ಉಳಿದ 9 ಗಂಟೆ ಅವರೇ ಹೊಸದಾಗಿ ಕೇಳಿದ ಎರಡು ಕಾಲಮ್. ಆದರೆ ಎರಡನ್ನೂ ಒಂದೇ ಸಾಲಿಗೆ ತುಂಬಿದ್ದೆ. ಬೇರೆ ಮಾಡಿ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. 14 ಗಂಟೆಯೂ ಹೋಯಿತು. ಒಂದು ಸಾಲಿನ ಮೇಲೆ ಅನುಮಾನ ಬಂದ ಮೇಲೆ ಉಳಿದವುಗಳ ಮೇಲೂ ಬಂತು. ಕೊನೆಗೆ 62ರಲ್ಲಿ 41 ಗಂಟೆಗೆ ಹಣ ಬಂತು. ಇನ್ನೂ ಬೇಸರದ ವಿಷಯ ಅಂದರೆ, "ಇನ್ನೂ ಕೆಲಸ ನಡೀತಾನೇ ಇದೆಯಲ್ಲ, ಮುಗಿದಿಲ್ಲ" ಅಂತ ಹಳೆಯ ಶೇ. 40 ಕೂಡ ತಡೆಹಿಡಿದರು.

ದಯವಿಟ್ಟು ಮೊದಲು ಹಳೆಯ ಲೆಕ್ಕ ಮುಚ್ಚಿ. ಫಿಕ್ಸೆಡ್ ಪ್ರೈಸ್‌ನಲ್ಲಿ ಏನೇನು ಆಗಿದೆ, ಯಾವ ಬಗ್‌ಗಳು ಉಳಿದಿವೆ ಅಂತ ಪಟ್ಟಿ ಮಾಡಿ. ಆ ಬಗ್‌ಗಳು ಉಚಿತ, ಬೇರೆಲ್ಲ ಹೊಸ ಕೆಲಸ ಅಂತ ಅದರಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಕೊನೆಯ ಕಂತಿನ ಇನ್‌ವಾಯ್ಸ್ ಆವತ್ತೇ ಕಳಿಸಿ. ಆಮೇಲೆ ಗಂಟೆ ಲೆಕ್ಕ ಹೊಸ ಒಪ್ಪಂದದಲ್ಲಿ, ಹೊಸ ಇನ್‌ವಾಯ್ಸ್ ಸರಣಿಯಲ್ಲಿ ಶುರುವಾಗಲಿ. ಪ್ರತಿ ಸಾಲಿಗೂ ಟಿಕೆಟ್ ನಂಬರ್ ಇರಲಿ, ಬಗ್‌ಗೆ ಹೋದ ಗಂಟೆಯನ್ನೂ ಸೊನ್ನೆ ಮೊತ್ತ ಹಾಕಿ ತೋರಿಸಿ. ತಿಂಗಳ ತನಕ ಕಾಯದೆ ಎರಡು ವಾರಕ್ಕೊಮ್ಮೆ ಬಿಲ್ ಕಳಿಸಿದರೆ ಜಗಳ ಇದ್ದರೂ ಸಣ್ಣದರಲ್ಲೇ ಗೊತ್ತಾಗುತ್ತದೆ.

ಇನ್ನೂ ಶುರುವೇ ಮಾಡಿಲ್ಲ, ಯಾವುದು ಆರಿಸಲಿ ಅಂತಿದ್ದರೆ, ಬೇಡಿಕೆ ಪಟ್ಟಿಯ ಒಂದೊಂದು ಸಾಲನ್ನೂ ತೆಗೆದುಕೊಂಡು ಅದನ್ನು ಹೇಗೆ ಪರೀಕ್ಷೆ ಮಾಡ್ತೀರಿ ಅಂತ ಪಕ್ಕದಲ್ಲಿ ಬರೆಯಿರಿ. ಕ್ಲೈಂಟ್ ಅದಕ್ಕೆ ಸರಿ ಅಂದರೆ ಆ ಭಾಗ ಫಿಕ್ಸೆಡ್ ಪ್ರೈಸ್‌ಗೆ ಆಗಬಹುದು. ಬರೆಯಲು ಆಗದಿದ್ದರೆ ಗಂಟೆ ಲೆಕ್ಕವೇ ಸರಿ, ಆದರೆ ಅದಕ್ಕೊಂದು ಗರಿಷ್ಠ ಮಿತಿ ಇರಲಿ. ಮಿತಿಯ ಶೇ. 80 ಮುಟ್ಟಿದಾಗ ನೀವೇ ಮೇಲ್ ಮಾಡಿ ತಿಳಿಸಿ. "ರಿಪೋರ್ಟ್ ಡೌನ್‌ಲೋಡ್" ಸಾಲಿನ ಪಕ್ಕದಲ್ಲಿ ಪರೀಕ್ಷೆ ಬರೆಯಲು ನಾನು ಅವತ್ತು ಕೂತಿದ್ದರೆ, ಯಾವ ಫಾರ್ಮ್ಯಾಟ್ ಅಂತ ಮೊದಲ ದಿನವೇ ಕೇಳಿರುತ್ತಿದ್ದೆ.